ಹಗ್ಗ ತೆಗೆದರೆ ಸಾಲದು, ಹುಲ್ಲು ಬೆಳೆಯಬೇಕು

ನಮ್ಮ ಕರಾವಳಿಯ ಸ್ಟುಡಿಯೊಗಳಲ್ಲಿ ‘ಟಚಿಂಗ್’ ಹಳೆಯ ಕಸುಬು. ಫಿಲ್ಮಿನ ಕಾಲದಲ್ಲಿ ನೆಗೆಟಿವನ್ನು ಹಿಂದಿನಿಂದ ಬೆಳಕು ಬೀಳುವ ಮೇಜಿನ ಮೇಲಿಟ್ಟು, ತುದಿ ಬಹಳ ಚೂಪಾದ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದುತ್ತಿದ್ದರು. 1990ರಲ್ಲಿ ಫೋಟೋಶಾಪ್ ಬಂದ ಮೇಲೆ ಆ ಕೆಲಸ ನಿಧಾನವಾಗಿ ಕಂಪ್ಯೂಟರಿನ ಪರದೆಗೆ ಸರಿಯಿತು. ಉಡುಪಿ, ಮಣಿಪಾಲದ ಸ್ಟುಡಿಯೊಗಳಲ್ಲಿ ಮದುವೆಯ ಆಲ್ಬಮ್ಮಿನ ನಡುವೆ ಸಾಕುನಾಯಿಯ ಚಿತ್ರವೂ ಕಾಣಿಸಿಕೊಳ್ಳುವ ಈ ದಿನಗಳಲ್ಲಿ ಟಚಿಂಗ್ ಮಾಡುವವರ ಮುಂದೆ ಹೊಸ ಬೇಡಿಕೆಯೊಂದು ಬಂದಿದೆ: ‘ನಾಯಿಯ ಹಗ್ಗ ತೆಗೆದುಕೊಡಿ.’

ಚಿತ್ರ ತೆಗೆಯುವಾಗಲೇ ಹಗ್ಗ ಬಿಚ್ಚಬಹುದಲ್ಲ ಎಂದು ಕೇಳಬಹುದು. ಬಿಚ್ಚಬಾರದು. ಕಾಪು, ಉಡುಪಿಗಳ ಮೂಲಕವೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಕಡಲತೀರದಲ್ಲಿ ಬಲೆ, ದೋಣಿ, ಬೀದಿನಾಯಿಗಳ ಗುಂಪು. ಅಪರಿಚಿತ ಜಾಗದಲ್ಲಿ ಬೆದರಿದ ನಾಯಿ ಓಡಿದರೆ ಫೋಟೊ ಯಾರಿಗೂ ಬೇಡವಾಗುತ್ತದೆ. ಹಗ್ಗ ಕೈಯಲ್ಲಿಯೇ ಇರಲಿ, ಚಿತ್ರದಿಂದ ಮಾತ್ರ ಹೋಗಲಿ ಎಂಬುದೇ ಈ ಕೆಲಸದ ಹುಟ್ಟು.

ಒಂದು ಚಿತ್ರವನ್ನೇ ಕಣ್ಣ ಮುಂದೆ ಇಟ್ಟುಕೊಳ್ಳೋಣ. ಮಳೆ ಬಿಟ್ಟ ಸೆಪ್ಟೆಂಬರಿನಲ್ಲಿ ಕಾರ್ಕಳದ ಕಡೆಯ ಪದವಿನ ಹಸಿರು ಹುಲ್ಲಿನ ಮೇಲೆ ಬಿಳಿ ಎದೆಯ, ಕಂದು ಮೈಯ ಊರ ನಾಯಿಯೊಂದು ನಿಂತಿದೆ. ಕೊರಳಲ್ಲಿ ಬೆಲ್ಟು. ಅದರ ಬಳೆಗೆ ಸಿಕ್ಕಿಸಿದ ಕೆಂಪು ನೈಲಾನ್ ಹಗ್ಗ ಎದೆಯ ಮೇಲೆ ಹಾದು, ಮುಂಗಾಲನ್ನು ದಾಟಿ, ಹುಲ್ಲಿನ ಮೇಲೆ ಓರೆಯಾಗಿ ಸಾಗಿ ಚಿತ್ರದ ಅಂಚಿನಲ್ಲಿ ಮುಗಿಯುತ್ತದೆ. ಹಗ್ಗದ ಅಡಿಯಲ್ಲಿ ಏನಿತ್ತೋ ಅದು ಕ್ಯಾಮೆರಾದಲ್ಲಿ ದಾಖಲಾಗಿಲ್ಲ. ಹಾಗಾಗಿ ಅಳಿಸಿದರೆ ಉಳಿಯುವುದು ಖಾಲಿ ಪಟ್ಟಿ. ಅಲ್ಲಿ ಇರಬಹುದಾಗಿದ್ದ ಹುಲ್ಲನ್ನೂ ರೋಮವನ್ನೂ ಅಕ್ಕಪಕ್ಕದಿಂದ ತಂದು ಕಟ್ಟಬೇಕು. ಹುಲ್ಲಿಗೆ ದೂರ ಮುಖ್ಯ, ರೋಮಕ್ಕೆ ದಿಕ್ಕು ಮುಖ್ಯ. ಉಳಿದೆಲ್ಲ ಸೂಕ್ಷ್ಮಗಳು ಈ ಎರಡರಿಂದಲೇ ಬರುತ್ತವೆ.

ಮೊದಲು ಹುಲ್ಲು. ಕ್ಯಾಮೆರಾಕ್ಕೆ ಹತ್ತಿರದ ಹುಲ್ಲಿನ ಎಸಳು ಅಗಲವಾಗಿ ಕಾಣುತ್ತದೆ. ಹಿಂದೆ ಹಿಂದೆ ಹೋದಂತೆ ಚಿಕ್ಕದಾಗಿ, ಮಸುಕಾಗಿ, ಕೊನೆಗೆ ಬರೀ ಹಸಿರು ಬಣ್ಣವಾಗುತ್ತದೆ. ಕೆಳಗಿನ ಹುಲ್ಲನ್ನು ತಂದು ಮೇಲೆ ಅಂಟಿಸಿದರೆ ಮಸುಕಿನ ನಡುವೆ ಸ್ಪಷ್ಟವಾದ ತೇಪೆ ಎದ್ದು ಕಾಣುತ್ತದೆ. ಆದ್ದರಿಂದ ನೆಲ ಸಮತಟ್ಟಾಗಿದ್ದರೆ ಮಾದರಿಯನ್ನು ಎಡಬಲದಿಂದ ಮಾತ್ರ ತರಬೇಕು, ಮೇಲೆ ಕೆಳಗಿನಿಂದಲ್ಲ. ಮೂಲ ಚಿತ್ರವನ್ನು ಮುಟ್ಟದೆ ಅದರ ಮೇಲೊಂದು ಖಾಲಿ ಪದರ ತೆರೆದು, Clone Stamp ಉಪಕರಣದಲ್ಲಿ Sample ಎಂಬಲ್ಲಿ Current & Below ಆರಿಸಿ, Aligned ಗುರುತು ಹಾಕಬೇಕು. ಹಗ್ಗದ ಒಂದು ಬಿಂದುವಿಗೆ ಸರಿಯಾಗಿ ಪಕ್ಕದಲ್ಲಿ, ಅದೇ ಎತ್ತರದಲ್ಲಿ, Alt ಒತ್ತಿ ಮಾದರಿ ಹಿಡಿದರೆ ಆಯಿತು. ಆಮೇಲೆ ಹಗ್ಗ ಎಷ್ಟೇ ಓರೆಯಾಗಿ ಸಾಗಿದರೂ ಮಾದರಿ ಅಷ್ಟೇ ಅಂತರದಲ್ಲಿ ಜೊತೆಗೇ ನಡೆಯುತ್ತದೆ. ಹತ್ತಿರದ ಹಗ್ಗಕ್ಕೆ ಹತ್ತಿರದ ಹುಲ್ಲು, ದೂರದ ಹಗ್ಗಕ್ಕೆ ದೂರದ ಹುಲ್ಲು ತಾನಾಗಿ ಬಂದು ಕೂರುತ್ತದೆ.

ಇದರಲ್ಲೊಂದು ಅಪಾಯವಿದೆ. ಅಂತರ ಒಂದೇ ಆಗಿರುವುದರಿಂದ ಒಣಗಿದ ಎಲೆ, ಪುಟ್ಟ ಹೂವು, ಬಾಗಿದ ಎಸಳು ಪಕ್ಕಪಕ್ಕದಲ್ಲಿ ಎರಡೆರಡಾಗಿ ಹುಟ್ಟುತ್ತವೆ. ಕಣ್ಣು ಇಂಥ ಜೋಡಿಯನ್ನು ಬಹಳ ಬೇಗ ಹಿಡಿಯುತ್ತದೆ. ಹಾಗಾಗಿ ಎರಡನೆಯ ಸುತ್ತಿನಲ್ಲಿ ಹಗ್ಗದ ಇನ್ನೊಂದು ಬದಿಯಿಂದ, ಬೇರೆ ಅಂತರದಲ್ಲಿ ಮಾದರಿ ಹಿಡಿದು ಅಲ್ಲಲ್ಲಿ ಜೋಡಿ ಒಡೆಯಬೇಕು. ಹಗ್ಗದ ನೆರಳನ್ನೂ ಮರೆಯಬಾರದು. ಗಾಳಿಯಲ್ಲಿ ತೂಗುವ ಹಗ್ಗದ ನೆರಳು ಹಗ್ಗದ ಕೆಳಗೇ ಇರುವುದಿಲ್ಲ. ಬಿಸಿಲಿನ ಓರೆಗೆ ತಕ್ಕಂತೆ ಮಾರು ದೂರದಲ್ಲಿ ತೆಳ್ಳಗೆ ಬಿದ್ದಿರುತ್ತದೆ. ಹಗ್ಗ ಹೋಗಿ ನೆರಳು ಉಳಿದ ಚಿತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ.

ರೋಮದ ಕೆಲಸ ಬೇರೆ ಜಾತಿಯದು. ಕೊರಳಿನ ಕೂದಲು ತಲೆಯ ಹಿಂಭಾಗದಿಂದ ಹೆಗಲಿನತ್ತ ಹರಿಯುತ್ತದೆ, ಎದೆಯಲ್ಲಿ ಎರಡು ಕಡೆಯಿಂದ ಬಂದ ಹರಿವುಗಳು ಕೂಡಿ ಸುಳಿಯಾಗುತ್ತವೆ, ಮುಂಗಾಲಿನಲ್ಲಿ ಅದೇ ಕೂದಲು ಗಿಡ್ಡವಾಗಿ ಕೆಳಮುಖವಾಗುತ್ತದೆ. ಎದೆಯ ತುಂಡನ್ನು ಕಾಲಿಗೆ ಹಾಕಿದರೆ ಬಣ್ಣ ಸರಿಯಿದ್ದರೂ ನಾಯಿಗೆ ಗಾಯವಾಗಿ ಮಾಸಿದಂತೆ ಕಾಣುತ್ತದೆ. ಹಗ್ಗಕ್ಕೆ ತಾಗಿದ ರೋಮದ ಸಣ್ಣ ತುಂಡೊಂದನ್ನು ಬೇರೆ ಪದರಕ್ಕೆ ನಕಲು ಮಾಡಿ, ಅಲ್ಲಿನ ಹರಿವಿಗೆ ಸರಿಯಾಗಿ ತಿರುಗಿಸಿ, Warp ಬಳಸಿ ತುಸು ಬಾಗಿಸಿ, ಮಾಸ್ಕ್ ಹಾಕಿ ಅಂಚುಗಳನ್ನು ಕೂದಲಿನ ದಿಕ್ಕಿನಲ್ಲಿಯೇ ಗೀರುಗೀರಾಗಿ ಕರಗಿಸಬೇಕು. ದುಂಡು ಬ್ರಶ್ಶಿನಿಂದ ನಯವಾಗಿ ಕರಗಿಸಿದರೆ ಮಂಜಿನ ಪಟ್ಟಿ ಉಳಿಯುತ್ತದೆ. ಬಲ ಹೆಗಲಿನ ರೋಮವನ್ನು ಮಗುಚಿ ಎಡಕ್ಕೆ ತರುವ ಆಸೆಯೂ ಬೇಡ, ಬೆಳಕು ತಿರುಗುಮುರುಗಾಗುತ್ತದೆ.

2002ರ ಆವೃತ್ತಿಯಲ್ಲಿ ಬಂದ Healing Brush ಇಲ್ಲಿ ಒಳ್ಳೆಯ ನೆಂಟನೂ ಹೌದು, ತೊಂದರೆಯೂ ಹೌದು. ಅದು ಮಾದರಿಯಿಂದ ಮೇಲ್ಮೈಯ ನಯ-ಒರಟನ್ನು ತಂದು, ಬಣ್ಣವನ್ನು ಸುತ್ತಲಿನಿಂದ ತೆಗೆದುಕೊಳ್ಳುತ್ತದೆ. ಎದೆಯ ನಡುವೆ ಇದು ಸೊಗಸಾಗಿ ಕೂರುತ್ತದೆ. ಆದರೆ ನಾಯಿಯ ಅಂಚಿನ ಬಳಿ ತಂದರೆ ಸುತ್ತಲಿನ ಬಣ್ಣವೆಂದು ಹುಲ್ಲಿನ ಹಸಿರನ್ನೇ ಬಿಳಿ ರೋಮದೊಳಕ್ಕೆ ಎಳೆದುಬಿಡುತ್ತದೆ. ಅಂಚಿನಲ್ಲಿ Clone Stamp, ನಡುವೆ Healing Brush ಎಂಬುದೇ ಕ್ಷೇಮ.

ಹಗ್ಗ ಅಂಚನ್ನು ಕತ್ತರಿಸಿಕೊಂಡು ಹೋಗುವ ಜಾಗವೇ ಇಡೀ ಕೆಲಸದಲ್ಲಿ ಕಷ್ಟದ್ದು. ಅಲ್ಲಿ ಕೆಳಗೆ ಹುಲ್ಲು ಹಾಕಿ, ಮೇಲೆ ರೋಮ ಕೂರಿಸಿ, ಕೊನೆಗೆ ಒಂದೆರಡು ಪಿಕ್ಸೆಲ್ ದಪ್ಪದ ಬ್ರಶ್ಶಿನಿಂದ ಕೂದಲನ್ನು ಒಂದೊಂದಾಗಿ ಎಳೆಯಬೇಕು. ಬುಡದಿಂದ ತುದಿಗೆ, ಒತ್ತಡ ಕಡಿಮೆ ಮಾಡುತ್ತಾ. ಇದಕ್ಕೆ ಮೌಸಿಗಿಂತ ಪೆನ್ ಟ್ಯಾಬ್ಲೆಟ್ ಎಷ್ಟೋ ವಾಸಿ. ಕಾಪು ಬೀಚಿನ ಸಂಜೆಯ ಚಿತ್ರವಾದರೆ ಕಷ್ಟ ಇಮ್ಮಡಿ. ಸೂರ್ಯ ಕಡಲಿನ ಕಡೆ ಇಳಿದಿರುವುದರಿಂದ ನಾಯಿಯ ಸುತ್ತ ಕೂದಲ ತುದಿಗಳೆಲ್ಲ ಬಂಗಾರದ ಗೆರೆಯಾಗಿ ಹೊಳೆಯುತ್ತವೆ, ಹಗ್ಗ ದಾಟಿದಲ್ಲಿ ಮಾತ್ರ ಆ ಗೆರೆ ತುಂಡಾಗುತ್ತದೆ. ಅಲ್ಲಿ ಎಳೆಯುವ ಪ್ರತಿ ಕೂದಲಿನ ತುದಿಯೂ ಅಷ್ಟೇ ಹೊಳೆಯಬೇಕು.

ಇಷ್ಟಾದ ಮೇಲೂ ಹಗ್ಗ ಎರಡು ಕಡೆ ಅಡಗಿ ಕುಳಿತಿರುತ್ತದೆ. ಕೆಂಪು ನೈಲಾನಿನ ಮೇಲೆ ಬಿದ್ದ ಬಿಸಿಲು ಪಕ್ಕದ ಬಿಳಿ ಎದೆಗೆ ತಿಳಿಗೆಂಪು ಬಳಿದಿರುತ್ತದೆ. Color ಮೋಡಿನ ಪದರದಲ್ಲಿ ಶುದ್ಧ ರೋಮದ ಬಣ್ಣವನ್ನು ಹಗುರವಾಗಿ ಸವರಿದರೆ ಅದು ಹೋಗುತ್ತದೆ. ಇನ್ನೊಂದು ಬೆಲ್ಟಿನ ಬಳೆ. ಹಗ್ಗ ಬಿಗಿಯಾಗಿದ್ದಾಗ ಬಳೆ ಎಳೆದ ಕಡೆಗೆ ಚಾಚಿ ನಿಂತಿರುತ್ತದೆ. ಹಗ್ಗ ಇಲ್ಲದ ಬಳೆ ಹಾಗೆ ಗಾಳಿಯಲ್ಲಿ ನಿಲ್ಲಲಾರದು. ಅದನ್ನು ಕತ್ತರಿಸಿ, ತಿರುಗಿಸಿ, ಕೆಳಗೆ ಜೋಲುವಂತೆ ಕೂರಿಸಬೇಕು. ಬೆಲ್ಟನ್ನೇ ತೆಗೆಯಿರಿ ಎಂದು ಕೇಳುವವರಿದ್ದಾರೆ. ಒತ್ತಿದ ಬೆಲ್ಟಿನ ಎರಡೂ ಬದಿ ರೋಮ ಉಬ್ಬಿ ನೆರಳು ಕಟ್ಟಿರುವುದರಿಂದ ಕೊರಳನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ. ಬೆಲ್ಟು ಇರಲಿ ಎಂದು ಒಪ್ಪಿಸುವುದೇ ನನಗೆ ಸರಿಯೆನಿಸುತ್ತದೆ. ಸಾಕಿದ ನಾಯಿಗೆ ಅದು ಅಂದವೇ.

ಪರೀಕ್ಷೆಗೆ ಚಿತ್ರವನ್ನು ಎಡಬಲ ಮಗುಚಿ ನೋಡಬೇಕು. ಗಂಟೆಗಟ್ಟಲೆ ನೋಡಿ ಪಳಗಿದ ಕಣ್ಣಿಗೆ ತಪ್ಪು ಆಗ ಹೊಸದಾಗಿ ಕಾಣುತ್ತದೆ. ಮೇಲೊಂದು Curves ಪದರ ಹಾಕಿ ಬೆಳಕು-ನೆರಳಿನ ವ್ಯತ್ಯಾಸವನ್ನು ವಿಪರೀತ ಹೆಚ್ಚಿಸಿದರೆ ಕಣ್ಣಿಗೆ ಬೀಳದ ತೇಪೆಗಳು ಮೋಡದಂತೆ ಎದ್ದು ಬರುತ್ತವೆ. ನೋಡಿದ ಮೇಲೆ ಆ ಪದರವನ್ನು ತೆಗೆದುಹಾಕಿದರಾಯಿತು. ಕೈಯಿಂದ ಎಳೆದ ಕೂದಲಿಗೆ ಕ್ಯಾಮೆರಾದ ಕಾಳುಕಾಳು ಇರುವುದಿಲ್ಲವಾದ್ದರಿಂದ ಅಲ್ಲಷ್ಟೇ ತುಸು Noise ಸೇರಿಸಬೇಕು.

ಅರ್ಧ ಕೆಲಸವನ್ನು ಕ್ಯಾಮೆರಾ ಹಿಡಿದವರೇ ಉಳಿಸಬಹುದು. ಹಗ್ಗವನ್ನು ಎದೆಯ ಮೇಲೆ ಬೀಳಲು ಬಿಡದೆ, ಕೊರಳ ಹಿಂದಿನಿಂದ ಮೇಲಕ್ಕೆ, ಮೈಗೆ ತಾಗದಂತೆ ಎತ್ತಿ ಹಿಡಿದರೆ ರೋಮ ಬಹುಪಾಲು ಉಳಿಯುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿದ್ದರೆ, ಫೋಕಸ್ ಮತ್ತು ಬೆಳಕಿನ ಅಳತೆ ಬದಲಿಸದೆ, ನಾಯಿ ಮತ್ತು ಯಜಮಾನ ಇಬ್ಬರೂ ಪಕ್ಕಕ್ಕೆ ಸರಿದ ಮೇಲೆ ಬರೀ ಹುಲ್ಲಿನ ಒಂದು ಚಿತ್ರ ತೆಗೆದಿಡಬೇಕು. ಆಗ ಹಗ್ಗದಡಿಯ ಹುಲ್ಲನ್ನು ಊಹಿಸುವ ಕೆಲಸವೇ ಇಲ್ಲ. ಹಗ್ಗ ಕಣ್ಣಿನ ಮೇಲೋ ಬಾಯಿಯ ಮೇಲೋ ಹಾದಿದ್ದರೆ ಮಾತ್ರ ಯಾವ ತೇಪೆಯೂ ಕೂರುವುದಿಲ್ಲ; ಅದೇ ಹೊತ್ತಿನ ಇನ್ನೊಂದು ಫೋಟೊ ಹುಡುಕಬೇಕು. ಫೋಟೊ ಸ್ಪರ್ಧೆಗೆ ಕಳಿಸುವವರು ಆಯಾ ವಿಭಾಗದ ನಿಯಮ ನೋಡಿಕೊಳ್ಳಲಿ: ನಿಸರ್ಗ ವಿಭಾಗದಲ್ಲಿ ಹೀಗೆ ತೆಗೆದು ಸೇರಿಸುವುದಕ್ಕೆ ಅವಕಾಶವಿಲ್ಲ, ಪತ್ರಿಕೆಯ ಸುದ್ದಿಚಿತ್ರಕ್ಕಂತೂ ಇಲ್ಲವೇ ಇಲ್ಲ.