ಪದಾಂತ್ಯದ ಅಘೋಷೀಕರಣ ಮತ್ತು ತಟಸ್ಥೀಕರಣ: ‘ಸಂಸತ್ತು’, ‘ಜಗತ್ತು’ಗಳ ತಕಾರ ಒಂದೆಯೇ?

ಸಾರಾಂಶ: ಕನ್ನಡದ ಸಂಸತ್ತು, ಪರಿಷತ್ತು, ಉಪನಿಷತ್ತು ಪದಗಳ ತಕಾರವು ಸಂಸ್ಕೃತದ ದಕಾರದಿಂದಲೂ, ಜಗತ್ತು ಪದದ ತಕಾರವು ತಕಾರದಿಂದಲೇ ಬಂದಿವೆ. ಈ ವ್ಯತ್ಯಾಸವು ಎಲ್ಲಿ ಅಡಗುತ್ತದೆ, ಯಾವ ಪರಿಸರದಲ್ಲಿ ಬೆಳಕಿಗೆ ಬರುತ್ತದೆ, ಕನ್ನಡದಲ್ಲಿ ಅದರ ಸ್ಥಿತಿ ಏನು ಎಂಬುದನ್ನು ಇಲ್ಲಿ ವಿವರಿಸುತ್ತೇವೆ. ತಟಸ್ಥಗೊಂಡ ಸ್ಥಾನದ ಧ್ವನಿಯನ್ನು ಆಂತರಿಕ ರೂಪಕ್ಕೆ ಸಾಕ್ಷಿಯಾಗಿ ಪರಿಗಣಿಸಲಾಗದು ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ತಟಸ್ಥೀಕರಣ, ಅಘೋಷೀಕರಣ, ಆಂತರಿಕ ರೂಪ, ಜಶ್ತ್ವ ಸಂಧಿ, ತತ್ಸಮ

1. ಸಮಸ್ಯೆಯ ಸ್ವರೂಪ

‘ಮಳೆಗಾಲ’ ಮತ್ತು ‘ಮಲಪನಗುಡಿ’ ಎಂಬ ಎರಡು ರೂಪಗಳಲ್ಲಿ ಉತ್ತರಪದದ ಆದಿಯಲ್ಲಿ ಗಕಾರವೇ ಇದೆ. ಮೊದಲನೆಯದು ‘ಕಾಲ’ದ ಕಕಾರಕ್ಕೆ ಆದೇಶವಾಗಿ ಬಂದುದು, ಎರಡನೆಯದು ‘ಗುಡಿ’ಯಲ್ಲಿ ಮೊದಲೇ ಇದ್ದುದು. ಇದನ್ನು ನಾವು ತಿಳಿಯುವುದು ಸಮಾಸದಿಂದಲ್ಲ. ‘ಕಾಲ’, ‘ಗುಡಿ’ ಎಂಬ ಸ್ವತಂತ್ರ ಪದಗಳಿಂದ. ಸಮಾಸದೊಳಗೆ ಕಕಾರ-ಗಕಾರಗಳ ಭೇದ ಅಳಿದಿರುವುದರಿಂದ ಆ ಸ್ಥಾನವು ಭೇದದ ಬಗೆಗೆ ಏನನ್ನೂ ಹೇಳಲಾರದು.

ಪದಾಂತ್ಯದ ಅಘೋಷೀಕರಣವು ಇದೇ ಬಗೆಯ ತಟಸ್ಥೀಕರಣ. ಜರ್ಮನ್ ಭಾಷೆಯಲ್ಲಿ ‘ಚಕ್ರ’ ಮತ್ತು ‘ಸಲಹೆ’ ಎಂಬ ಅರ್ಥದ ಎರಡು ಪದಗಳೂ ‘ರಾಟ್’ ಎಂದೇ ಕೇಳಿಸುತ್ತವೆ. ಷಷ್ಠೀ ವಿಭಕ್ತಿಯಲ್ಲಿ ಮಾತ್ರ ಒಂದು ‘ರಾಡೆಸ್’, ಇನ್ನೊಂದು ‘ರಾಟೆಸ್’ ಆಗುತ್ತದೆ. ಕನ್ನಡದ ದೇಶ್ಯ ಪದಗಳು ಸಾಮಾನ್ಯವಾಗಿ ಸ್ವರಾಂತವಾದುದರಿಂದ ಇಂಥ ನಿಯಮಕ್ಕೆ ಅವುಗಳಲ್ಲಿ ಎಡೆಯಿಲ್ಲ. ಆದರೆ ತತ್ಸಮಗಳ ಮೂಲಕ ಈ ನಿಯಮದ ಫಲ ಕನ್ನಡದೊಳಗೆ ಬಂದು ನೆಲೆಸಿದೆ.

2. ಸಂಸ್ಕೃತದಲ್ಲಿ ನಡೆಯುವುದೇನು?

ಸಂಸ್ಕೃತದಲ್ಲಿ ವಾಕ್ಯಾಂತ್ಯದ ವಿರಾಮದಲ್ಲಿ ‘ಜಗತ್’, ‘ಶರದ್’ ಎಂಬ ಪ್ರಾತಿಪದಿಕಗಳು ‘ಜಗತ್’, ‘ಶರತ್’ ಎಂದು ಒಂದೇ ಬಗೆಯಲ್ಲಿ ಮುಗಿಯುತ್ತವೆ. ಅಘೋಷ ವ್ಯಂಜನದ ಮುಂದೆಯೂ ಹಾಗೆಯೇ: ಜಗತ್ಪ್ರಸಿದ್ಧ, ಶರತ್ಕಾಲ. ಸಮಾಸದಲ್ಲಿ ಸ್ವರ ಪರವಾದಾಗ ಎರಡೂ ಘೋಷವಾಗುತ್ತವೆ: ಜಗದೀಶ, ಶರದೃತು. ಹೀಗೆ ಮೂರು ಪರಿಸರಗಳಲ್ಲಿಯೂ ಭೇದವಿಲ್ಲ. ಎರಡರಲ್ಲಿ ಅಘೋಷವೇ, ಒಂದರಲ್ಲಿ ಘೋಷವೇ ದೊರೆಯುತ್ತದೆ.

ಭೇದವು ಪ್ರಕಟವಾಗುವುದು ಸ್ವರಾದಿ ಪ್ರತ್ಯಯದ ಮುಂದೆ, ಅಂದರೆ ಪ್ರಾತಿಪದಿಕದ ಅಂತ್ಯವು ಪದಾಂತ್ಯವಾಗದ ಎಡೆಯಲ್ಲಿ. ಷಷ್ಠಿಯಲ್ಲಿ ‘ಜಗತಃ’, ‘ಶರದಃ’; ತದ್ಧಿತದಲ್ಲಿ ‘ಜಾಗತಿಕ’, ‘ಶಾರದ’. ಆದುದರಿಂದ ‘ಜಗದೀಶ’ದ ದಕಾರವನ್ನು ಕಂಡು ‘ಜಗದ್’ ಎಂದಾಗಲಿ, ‘ಶರತ್ಕಾಲ’ದ ತಕಾರವನ್ನು ಕಂಡು ‘ಶರತ್’ ಎಂದಾಗಲಿ ಪ್ರಾತಿಪದಿಕವನ್ನು ನಿರ್ಣಯಿಸುವಂತಿಲ್ಲ.

ಶಾಲಾ ವ್ಯಾಕರಣಗಳು ಜಶ್ತ್ವ ಸಂಧಿಯನ್ನು ‘ವರ್ಗದ ಮೊದಲ ವ್ಯಂಜನಕ್ಕೆ ಮೂರನೆಯದು ಆದೇಶವಾಗುವುದು’ ಎಂಬ ಅರ್ಥದಲ್ಲಿ ನಿರೂಪಿಸುತ್ತವೆ. ಈ ನಿರೂಪಣೆಯು ವಿರಾಮರೂಪವನ್ನೇ ಮೂಲವೆಂದು ಹಿಡಿಯುತ್ತದೆ. ಪಾಣಿನಿಯ ಕ್ರಮ ಬೇರೆ. ಅಷ್ಟಾಧ್ಯಾಯಿಯ 8.2.39ನೆಯ ಸೂತ್ರದಂತೆ ಪದಾಂತ್ಯದ ಸ್ಪರ್ಶಗಳು ಮೊದಲು ಘೋಷ ಅಲ್ಪಪ್ರಾಣಗಳಾಗುತ್ತವೆ, 8.4.56ರಂತೆ ವಿರಾಮದಲ್ಲಿ ಅವು ವಿಕಲ್ಪದಿಂದ ಅಘೋಷವಾಗುತ್ತವೆ. ಅಂದರೆ ‘ಜಗತ್’ನ ತಕಾರ ಕೂಡ ಮೊದಲು ದಕಾರವಾಗಿ, ಬಳಿಕ ತಕಾರವಾಗಿ ಮರಳುತ್ತದೆ. ಎರಡು ಕ್ರಮಗಳೂ ‘ಜಗದೀಶ’ವನ್ನು ಸರಿಯಾಗಿ ಸಾಧಿಸುತ್ತವೆ. ಆದರೆ ‘ಶರತ್ + ಋತು’ ಎಂದು ಬಿಡಿಸಿ ಬರೆದಾಗ ಪ್ರಾತಿಪದಿಕದ ದಕಾರ ಕಣ್ಮರೆಯಾಗಿ, ‘ಶಾರದ’ದ ದಕಾರಕ್ಕೆ ಕಾರಣ ಉಳಿಯುವುದಿಲ್ಲ.

ತಟಸ್ಥೀಕರಣವು ಘೋಷತ್ವಕ್ಕಷ್ಟೇ ಸೀಮಿತವಲ್ಲ. ಹಂಪಿಯ ಚರಿತ್ರೆಯನ್ನು ಬರೆಯುವವರು ‘ಸಮ್ರಾಟ’, ‘ಸಾಮ್ರಾಜ್ಯ’ ಎಂಬ ಎರಡು ಪದಗಳನ್ನೂ ಬಳಸುತ್ತಾರೆ. ಪ್ರಾತಿಪದಿಕ ‘ಸಮ್ರಾಜ್’, ಪದಾಂತ್ಯದಲ್ಲಿ ಅದು ‘ಸಮ್ರಾಟ್’. ‘ವಣಿಜ್’ ಮಾತ್ರ ‘ವಣಿಕ್’ ಆಗುತ್ತದೆ. ಅದರ ಜಕಾರವನ್ನು ‘ವಾಣಿಜ್ಯ’ ಉಳಿಸಿಕೊಂಡಿದೆ. ಇತ್ತ ‘ವಾಕ್’ನ ಕಕಾರದ ಹಿಂದೆ ಚಕಾರವಿದೆ (ವಾಚಿಕ), ‘ದಿಕ್’ನ ಕಕಾರದ ಹಿಂದೆ ಶಕಾರವಿದೆ (ದಿಶೆ). ಒಂದು ಕಕಾರಕ್ಕೆ ಹೀಗೆ ಮೂರು ಮೂಲಗಳಿರುವಾಗ, ಕಕಾರದಿಂದ ಹಿಂದಕ್ಕೆ ಹೋಗಿ ಮೂಲವನ್ನು ಊಹಿಸುವ ನಿಯಮವನ್ನು ಬರೆಯಲಾಗದು. ಮೂಲದಿಂದ ಕಕಾರಕ್ಕೆ ಬರುವ ನಿಯಮವನ್ನು ಬರೆಯಬಹುದು. ಆಂತರಿಕ ರೂಪವನ್ನು ಕಲ್ಪಿಸಬೇಕಾದ ಅಗತ್ಯ ಇಲ್ಲಿ ಹುಟ್ಟುತ್ತದೆ.

3. ಕನ್ನಡಕ್ಕೆ ಬಂದ ಮೇಲೆ

ಕನ್ನಡವು ಈ ಪದಗಳನ್ನು ವಿರಾಮರೂಪದಲ್ಲಿ ಸ್ವೀಕರಿಸಿ, ವ್ಯಂಜನವನ್ನು ದ್ವಿತ್ವಗೊಳಿಸಿ ಉಕಾರವನ್ನು ಸೇರಿಸಿತು: ಜಗತ್ತು, ಸಂಸತ್ತು, ಪರಿಷತ್ತು, ಆಪತ್ತು, ದಿಕ್ಕು. ಹಿಂದಿಯು ಪ್ರಾತಿಪದಿಕವನ್ನು ಅನುಸರಿಸಿ ‘ಜಗತ್’ ಎಂದು ತಕಾರವನ್ನೂ ‘ಸಂಸದ್’, ‘ಪರಿಷದ್’ ಎಂದು ದಕಾರವನ್ನೂ ಉಳಿಸಿಕೊಂಡಿದೆ. ಕನ್ನಡದಲ್ಲಿ ಆ ಭೇದ ಕಾಣದು.

ಈ ಅಘೋಷೀಕರಣವನ್ನು ಕನ್ನಡವೇ ಮಾಡಿರಬಹುದೆ? ಇಂಗ್ಲಿಷಿನಿಂದ ಬಂದ ಪದಗಳು ಇಲ್ಲವೆನ್ನುತ್ತವೆ. ಬ್ಯಾಗು, ರೋಡು, ಕ್ಲಬ್ಬು ಎಂಬಲ್ಲಿ ಘೋಷ ವ್ಯಂಜನ ಹಾಗೆಯೇ ಉಳಿದಿದೆ. ಉಕಾರ ಸೇರಿದೊಡನೆ ವ್ಯಂಜನವು ಪದಾಂತ್ಯವಾಗಿ ಉಳಿಯುವುದಿಲ್ಲವಾದ್ದರಿಂದ ಅಘೋಷೀಕರಣಕ್ಕೆ ಪರಿಸರವೇ ಇಲ್ಲ. ಆದುದರಿಂದ ‘ಸಂಸತ್ತು’ವಿನ ತಕಾರವು ಕನ್ನಡದ ನಿಯಮದ ಫಲವಲ್ಲ, ಸಂಸ್ಕೃತದ ನಿಯಮದ ಫಲವನ್ನು ಸಿದ್ಧರೂಪದಲ್ಲಿ ಪಡೆದುದು.

ಹಾಗಾದರೆ ಕನ್ನಡಿಗರ ಪದಕೋಶದಲ್ಲಿ ‘ಸಂಸದ್’ ಎಂಬ ಆಂತರಿಕ ರೂಪ ಇದೆಯೆ? ವಿಭಕ್ತಿಯ ಸಾಕ್ಷ್ಯ ಸ್ಪಷ್ಟವಾಗಿದೆ. ‘-ಇನ’, ‘-ಇಗೆ’ ಎಂಬಂಥ ಸ್ವರಾದಿ ರೂಪಗಳ ಮುಂದೆ ದಕಾರ ಮರಳಬೇಕಿತ್ತು. ಆದರೆ ದೊರೆಯುವುದು ಜಗತ್ತಿನ, ಸಂಸತ್ತಿನ, ಜಗತ್ತಿಗೆ, ಸಂಸತ್ತಿಗೆ. ಜರ್ಮನ್ನಿನಲ್ಲಿ ಭೇದವನ್ನು ಬೆಳಕಿಗೆ ತರುವ ಪರಿಸರವೇ ಇಲ್ಲಿ ಮೌನವಾಗಿದೆ. ವಿಭಕ್ತಿರೂಪಗಳ ಮಟ್ಟಿಗೆ ಆಂತರಿಕ ರೂಪವೇ ‘ಸಂಸತ್ತು’ ಎಂದು ಪುನಾರಚನೆಗೊಂಡಿದೆ.

ಭೇದದ ಗುರುತು ಉಳಿದಿರುವುದು ತತ್ಸಮ ಸಾಧಿತ ರೂಪಗಳಲ್ಲಿ: ಸಂಸತ್ತು–ಸಂಸದ–ಸಂಸದೀಯ, ಉಪನಿಷತ್ತು–ಔಪನಿಷದ, ಸಂಪತ್ತು–ಸಂಪದ, ಇದಕ್ಕೆ ಪ್ರತಿಯಾಗಿ ಜಗತ್ತು–ಜಾಗತಿಕ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ‘ಆಪದ್ಬಾಂಧವ’ದ ದಕಾರ ಸಾಕ್ಷಿಯಲ್ಲ, ಏಕೆಂದರೆ ಘೋಷ ವ್ಯಂಜನದ ಮುಂದೆ ತಕಾರವೂ ದಕಾರವಾಗುತ್ತದೆ. ‘ಜಗದ’ ಎಂಬ ರೂಪವೂ ಸಾಕ್ಷಿಯಲ್ಲ. ಅದು ‘ಜಗ’ ಎಂಬ ತದ್ಭವಕ್ಕೆ ಷಷ್ಠಿ ಸೇರಿ ಆದುದು, ಅದರ ದಕಾರ ಆಗಮ.

4. ನಿರ್ಣಯ ಮತ್ತು ಮಿತಿ

ಸಂಸದ–ಜಾಗತಿಕಗಳಂಥ ಜೋಡಿಗಳನ್ನು ಆಧರಿಸಿ ಕನ್ನಡದಲ್ಲಿಯೂ ‘ಸಂಸದ್’ ಎಂಬ ಆಂತರಿಕ ರೂಪವನ್ನು ಸ್ಥಾಪಿಸಬಹುದೆಂದು ವಾದಿಸಲು ಸಾಧ್ಯ. ಆದರೆ ಆಗ ‘ಸಂಸತ್ತಿನ’ ರೂಪವನ್ನು ಸಾಧಿಸಲು ಸ್ವರದ ಮುಂದೆ ದಕಾರವನ್ನು ಅಘೋಷಗೊಳಿಸುವ, ‘ರೋಡಿನ’ ಮೊದಲಾದವುಗಳಿಗೆ ತಗಲದ ನಿಯಮವೊಂದು ಬೇಕಾಗುತ್ತದೆ. ಅದಕ್ಕಿಂತ ‘ಸಂಸತ್ತು’, ‘ಸಂಸದ’ಗಳನ್ನು ಪದಕೋಶದಲ್ಲಿ ಸಂಬಂಧಿತವಾದ ಎರಡು ಪ್ರತ್ಯೇಕ ನಮೂದುಗಳೆಂದು ಪರಿಗಣಿಸುವುದೇ ಸರಳ. ಸಂಸ್ಕೃತದಲ್ಲಿ ಇರುವುದು ಅಡಗಿದ ಭೇದ. ಕನ್ನಡದಲ್ಲಿ ಉಳಿದಿರುವುದು ಅಳಿದ ಭೇದದ ಕುರುಹು. ಎರಡನ್ನೂ ಒಂದೇ ಸಂಧಿನಿಯಮದಿಂದ ವಿವರಿಸಿದಾಗ ಈ ಅಂತರ ಮಸುಕಾಗುತ್ತದೆ.

ಈ ನಿರ್ಣಯವನ್ನು ಉಚ್ಚಾರಣೆಯ ಮಟ್ಟದಲ್ಲಿ ಪರೀಕ್ಷಿಸಬಹುದು. ರಾಬರ್ಟ್ ಪೋರ್ಟ್ ಮತ್ತು ಮೈಕೆಲ್ ಓಡೆಲ್ 1985ರಲ್ಲಿ ಪ್ರಕಟಿಸಿದ ಅಧ್ಯಯನವು ಜರ್ಮನ್ನಿನ ಇಂಥ ಜೋಡಿಗಳ ಉಚ್ಚಾರಣೆಯಲ್ಲಿ ಸ್ವರದ ಅವಧಿ ಮೊದಲಾದ ಅಂಶಗಳಲ್ಲಿ ಅತಿ ಸಣ್ಣ ವ್ಯತ್ಯಾಸಗಳಿವೆಯೆಂದು ತೋರಿಸಿ, ಅಪೂರ್ಣ ತಟಸ್ಥೀಕರಣದ ಚರ್ಚೆಗೆ ದಾರಿಮಾಡಿತು. ಬರೆಹದ ಭೇದವನ್ನು ಕಂಡು ಓದಿದ್ದರಿಂದ ಆ ವ್ಯತ್ಯಾಸ ಬಂದಿತೇ ಎಂಬುದು ಆ ಚರ್ಚೆಯ ಮುಖ್ಯ ಆಕ್ಷೇಪ. ಕನ್ನಡದಲ್ಲಿ ಎರಡನ್ನೂ ‘ತ್ತ’ ಎಂದೇ ಬರೆಯುವುದರಿಂದ ಆ ಆಕ್ಷೇಪಕ್ಕೆ ಎಡೆಯಿಲ್ಲ. ‘ಸಂಸತ್ತು’, ‘ಜಗತ್ತು’ಗಳ ದ್ವಿತ್ವದ ಅವಧಿಯಲ್ಲಿ ಮತ್ತು ಅದರ ಹಿಂದಿನ ಅಕಾರದ ಅವಧಿಯಲ್ಲಿ ಮೂಲಕ್ಕೆ ಅನುಗುಣವಾದ ಅಂತರ ಕಂಡರೆ ನಮ್ಮ ಪುನಾರಚನೆಯ ವಾದವನ್ನು ಕೈಬಿಡಬೇಕಾಗುತ್ತದೆ, ಕಾಣದಿದ್ದರೆ ಆ ವಾದ ನಿಲ್ಲುತ್ತದೆ.