ಬಾಡಿಗೆ ಮನೆ ಕಿಟಕಿ ಗಾಜು ಒಡೆದರೆ ರಿಪೇರಿ ಯಾರದ್ದು? ಜಗಳ ಇಲ್ಲದೆ ಕೇಳೋದು ಹೇಗೆ?

ಬಾಡಿಗೆದಾರರ ಮಗನ ಚೆಂಡು ಬಿದ್ದು ಕಿಟಕಿ ಗಾಜು ಒಡೆಯಿತು ಅಂದುಕೊಳ್ಳಿ. ಓನರ್ ಬಾಗಿಲಲ್ಲೇ ನಿಂತು ‘ನಾಳೆನೇ ಹಾಕಿಸಿ’ ಅಂತಾರೆ, ಬಾಡಿಗೆದಾರರು ‘ಮನೆ ನಿಮ್ಮದು, ನೀವೇ ಹಾಕಿಸಿ’ ಅಂತಾರೆ. ಸಾವಿರ ರೂಪಾಯಿ ಕೆಲಸಕ್ಕೆ ವರ್ಷಗಳ ವಿಶ್ವಾಸ ಕೆಡುತ್ತದೆ.

ಮೊದಲು ನೋಡಬೇಕಾದ್ದು, ಯಾಕೆ ಹಾಳಾಯಿತು ಅನ್ನೋದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬಾಡಿಗೆದಾರರ ಕಡೆಯಿಂದ ಆದ ಹಾನಿಯನ್ನು ಅವರೇ ಸರಿಪಡಿಸಬೇಕು. ಓನರ್ ತಿಳಿಸಿದ ಮೇಲೆ ಅದಕ್ಕೆ ಮೂರು ತಿಂಗಳ ಅವಕಾಶವಿದೆ. ಸಹಜ ಸವಕಳಿ ಅವರ ತಲೆಗೆ ಬರುವುದಿಲ್ಲ. ಚೆಂಡಿಗೆ ಒಡೆದ ಗಾಜು ಬಾಡಿಗೆದಾರರದ್ದು. ಹತ್ತಾರು ಮಳೆಗಾಲ ಕಂಡು ಬುಡ ಕೊಳೆತ ಬಾಗಿಲನ್ನು ಅವರ ಮೇಲೆ ಹಾಕುವುದು ಸರಿಯಲ್ಲ. ಗೊತ್ತಾಗೋದು ಹೇಗೆ? ಮರವನ್ನು ಮೊಳೆಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಅದು ಹಳೇ ಕೊಳೆತ. ಗಟ್ಟಿ ಮರ ಹೊಸದಾಗಿ ಸೀಳಿದ್ದರೆ ಅದು ಪೆಟ್ಟು.

ಆಮೇಲೆ ಎಸ್ಟಿಮೇಟ್. ಬರೀ ಒಟ್ಟು ಮೊತ್ತ ಹೇಳಿದರೆ ಅನುಮಾನ ಬರುತ್ತದೆ. ಗಾಜಿನ ಅಂಗಡಿಯವರ ಹತ್ತಿರ ಅಳತೆ ಸಮೇತ ಚೀಟಿ ಬರೆಸಿಕೊಳ್ಳಿ. ಉದಾಹರಣೆಗೆ 2 ಅಡಿ ಅಗಲ, 3 ಅಡಿ ಎತ್ತರದ ಗಾಜು ಅಂದರೆ 6 ಚದರ ಅಡಿ. ಅಡಿಗೆ 80 ರೂಪಾಯಿ ಹೇಳಿದರೆ ಗಾಜಿಗೆ 480, ಸುತ್ತಲಿನ ಮರದ ಪಟ್ಟಿಗೆ 120, ಕೂಲಿ 400, ಒಟ್ಟು 1,000. ರೇಟು ಅಂಗಡಿಯಿಂದ ಅಂಗಡಿಗೆ ಬೇರೆ ಇರುತ್ತದೆ. ಒಂದು ಕಿಟಕಿ ಒಡೆದಾಗ ಮನೆಯ ಎಲ್ಲಾ ಕಿಟಕಿಗೂ ಹೊಸ ಗಾಜಿನ ಲೆಕ್ಕ ಸೇರಿಸಬಾರದು.

ಬಾಯಿಮಾತಲ್ಲಿ ಹೇಳಿದ ಮೇಲೆ ಫೋಟೊ, ಚೀಟಿ ಜೊತೆ ವಾಟ್ಸಾಪ್ ಮೆಸೇಜನ್ನೂ ಕಳಿಸಿ. ಹೀಗೆ ಬರೆಯಬಹುದು:

‘ನಮಸ್ಕಾರ ಅಣ್ಣಾ. ಮುಂದಿನ ರೂಮಿನ ಕಿಟಕಿ ಗಾಜು ಒಡೆದಿದೆಯಲ್ಲ, ಮಕ್ಕಳಿಗೆ ಚುಚ್ಚೀತು ಅಂತ ಯೋಚನೆ. ಗಾಜಿನ ಅಂಗಡಿಯವರು 1,000 ರೂಪಾಯಿ ಹೇಳಿದ್ದಾರೆ, ಚೀಟಿ ಕಳಿಸಿದ್ದೀನಿ. ನಿಮಗೆ ಗೊತ್ತಿರೋ ಬಡಗಿ ಕಡಿಮೆಗೆ ಮಾಡಿದರೆ ಅವರ ಹತ್ರಾನೇ ಮಾಡಿಸಿ, ಗಾಜಿನ ದಪ್ಪ ಮಾತ್ರ ಮೊದಲಿನಷ್ಟೇ ಇರಲಿ. ಈ ತಿಂಗಳ 20ರೊಳಗೆ ಆದರೆ ಒಳ್ಳೇದು. ದುಡ್ಡಿನ ತೊಂದರೆ ಇದ್ದರೆ ಹೇಳಿ, ನಾನು ಹಾಕಿಸ್ತೀನಿ, ಎರಡು ತಿಂಗಳ ಬಾಡಿಗೆ ಜೊತೆ ಕೊಡಿ.’

ಗಡುವು ಅಂದರೆ ತಾರೀಖು ಇರಬೇಕು. ‘ಬೇಗ ಮಾಡಿಸಿ’ ಅಂದರೆ ಓನರ್‌ಗೆ ಎರಡು ದಿನ, ಬಾಡಿಗೆದಾರರಿಗೆ ಎರಡು ತಿಂಗಳು. ಗಾಜಿನ ಕೆಲಸಕ್ಕೆ ಹತ್ತು ಹದಿನೈದು ದಿನ ಸಾಕು. ಅಲ್ಲಿಯವರೆಗೆ ಮಳೆ ಒಳಗೆ ಬರದಂತೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ.

ತಾರೀಖು ದಾಟಿತು ಅಂತ ಕರೆಂಟ್, ನೀರು ನಿಲ್ಲಿಸಲು ಹೋಗಬೇಡಿ, ಆಗ ತಪ್ಪು ನಿಮ್ಮದಾಗುತ್ತದೆ. ಇನ್ನೊಮ್ಮೆ ಲಿಖಿತವಾಗಿ ತಿಳಿಸಿ. ಆಗಲೂ ಮಾಡಿಸದಿದ್ದರೆ ನೀವೇ ಹಾಕಿಸಿ ಬಿಲ್ ಇಟ್ಟುಕೊಳ್ಳಿ. ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಲೆಕ್ಕದಲ್ಲಿ ಆ ಬಿಲ್, ಫೋಟೊ, ಮೆಸೇಜೇ ನಿಮ್ಮ ಆಧಾರ.