ನಿಮಗಿದು ಗೊತ್ತೆ? ಫೋಟೋದಲ್ಲಿ ದೀಪ ಮಿನುಗುವುದಿಲ್ಲ

‘ಇಂಟರ್ನೆಟ್ ಏಕೆ ಬರುತ್ತಿಲ್ಲ?’ ಎಂಬ ಒಂದೇ ಪ್ರಶ್ನೆಯ ಜೊತೆ ಫೈಬರ್ ರೂಟರ್‌ನ ಫೋಟೋ ಬಂದರೆ, ಮೊದಲು ಹುಡುಕಬೇಕಾದದ್ದು LOS ಎಂಬ ದೀಪವನ್ನು. ಎಲ್ಲ ಸರಿಯಿದ್ದಾಗ ಅದು ಆರಿರುತ್ತದೆ. ಕೆಂಪಾಗಿದ್ದರೆ ಫೈಬರ್‌ನಲ್ಲಿ ಬೆಳಕಿನ ಸಂಕೇತ ಬರುತ್ತಿಲ್ಲ, ಅಥವಾ ತೀರ ಕ್ಷೀಣಿಸಿದೆ. ಕೇಬಲ್ ತುಂಡಾಗಿರಬಹುದು, ಮಡಿಚಿಕೊಂಡಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಆಗ ವೈಫೈ ಪಾಸ್‌ವರ್ಡ್ ಬದಲಿಸಿ ಫಲವಿಲ್ಲ. ಆದರೆ LOS ಆರಿದಂತೆ ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಹಲವು ಮಾದರಿಗಳಲ್ಲಿ ಅದು ಮಿನುಗುತ್ತದೆ, ಕ್ಯಾಮೆರಾ ಹಿಡಿಯುವುದೋ ಸೆಕೆಂಡಿನ ಒಂದು ಚೂರನ್ನು. PON ದೀಪದ್ದು ಇನ್ನೂ ದೊಡ್ಡ ತೊಡಕು: ಸ್ಥಿರ ಹಸಿರೆಂದರೆ ಇಂಟರ್ನೆಟ್ ಕಂಪನಿಯ ಉಪಕರಣದಲ್ಲಿ ರೂಟರ್ ನೋಂದಣಿಯಾಗಿದೆ, ಮಿನುಗುವ ಹಸಿರೆಂದರೆ ಇನ್ನೂ ಹೆಣಗುತ್ತಿದೆ. ಫೋಟೋದಲ್ಲಿ ಎರಡೂ ಒಂದೇ ಹಸಿರು.

ಹಾಗಾದರೆ ಫೋಟೋ ಏಕೆ, ಬಾಯಲ್ಲೇ ಕೇಳಬಾರದೆ ಎನ್ನಬಹುದು. ‘ಲೈಟೆಲ್ಲ ಉರೀತಿದೆ’ ಎಂಬ ಉತ್ತರದಲ್ಲಿ ಉರಿಯಬಾರದ ದೀಪವೂ ಸೇರಿಕೊಂಡಿರುತ್ತದೆ. ಫೋಟೋ ಅದನ್ನು ಬಯಲು ಮಾಡುತ್ತದೆ. ಉಳಿದದ್ದಕ್ಕೆ 10 ಸೆಕೆಂಡಿನ ವಿಡಿಯೋ ಸಾಕು. ಅದರಲ್ಲಿ LOS ಆರಿದ್ದು, PON ಸ್ಥಿರವಾಗಿದ್ದು, ಇಂಟರ್ನೆಟ್ ದೀಪ ಮಾತ್ರ ಕೆಂಪಾಗಿದ್ದರೆ ಫೈಬರ್‌ನ ತಪ್ಪಿಲ್ಲ. ರೀಚಾರ್ಜ್ ಮುಗಿದಿದೆಯೇ, ಲಾಗಿನ್ ವಿವರ ಅಳಿಸಿದೆಯೇ ಎಂದು ಮೊದಲು ಕೇಳಿ. ವೈಫೈ ದೀಪ ಇಲ್ಲಿ ಸಾಕ್ಷಿಯೇ ಅಲ್ಲ. ಹೊರಗಿನ ಸಂಪರ್ಕ ಕಡಿದಿದ್ದರೂ ಅದು ಉರಿಯುತ್ತಲೇ ಇರುತ್ತದೆ. ಇನ್ನು, ಪ್ರಖರ ಕೆಂಪು ಕ್ಯಾಮೆರಾದಲ್ಲಿ ಬಿಳುಚಿಕೊಳ್ಳುವುದುಂಟು, ಹಾಗಾಗಿ ಬಣ್ಣಕ್ಕಿಂತ ಮೊದಲು ದೀಪದ ಪಕ್ಕದ ಹೆಸರನ್ನು ಓದಿ.